30 ವರ್ಷದ ಸಂಬಳ ಇವತ್ತೇ ಒಂದೇ ಗಂಟಾಗಿ ಬಂದರೆ ಎಷ್ಟು? ಏಜೆಂಟ್ ಹೇಳಿದ 3.79 ಕೋಟಿ ಸರೀನಾ?

ವಸಂತನರಸಾಪುರ ಬಿ ಶಿಫ್ಟ್

ಎಲ್ಲರಿಗೂ ನಮಸ್ಕಾರ. ತುಮಕೂರಿನವನು, ವಯಸ್ಸು 30. ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಪರ್ಮನೆಂಟ್ ಕೆಲಸ. ಕೈಗೆ ತಿಂಗಳಿಗೆ 40,000, ಅಂದರೆ ವರ್ಷಕ್ಕೆ 4.8 ಲಕ್ಷ. ಪ್ರತಿ ವರ್ಷ ಹೆಚ್ಚು ಕಡಿಮೆ 6% ಏರುತ್ತದೆ. ಮನೆಯಲ್ಲಿ ಅಮ್ಮ, ಹೆಂಡತಿ, ಒಂದು ಮಗು.

ಹೋದ ಭಾನುವಾರ ಇನ್ಶೂರೆನ್ಸ್ ಏಜೆಂಟ್ ಒಬ್ಬರು ಮನೆಗೆ ಬಂದಿದ್ದರು. 60 ವರ್ಷದವರೆಗಿನ ನನ್ನ ಸಂಬಳವನ್ನೆಲ್ಲ ಕೂಡಿಸಿ, "ನೋಡಿ, ನಿಮ್ಮ ಬೆಲೆ 3.79 ಕೋಟಿ, ಅಷ್ಟಕ್ಕೇ ಪಾಲಿಸಿ ಮಾಡಿಸಿ" ಅಂದರು. ಕೂಡಿದ್ದನ್ನು ನಾನೂ ಚೆಕ್ ಮಾಡಿದೆ, ತಪ್ಪಿಲ್ಲ. ಆದರೆ ನನಗೇನಾದರೂ ಆದರೆ ಮನೆಯವರಿಗೆ ಆ ದುಡ್ಡು ಒಂದೇ ಸಲ ಬರುತ್ತದೆ. 30 ವರ್ಷ ಕಾಯಬೇಕಾಗಿಲ್ಲ. ಅದನ್ನು ಬ್ಯಾಂಕಿನಲ್ಲಿಟ್ಟರೆ ಬಡ್ಡಿಯೂ ಬರುತ್ತದೆ. ಹಾಗಾದರೆ ನಿಜವಾಗಿ ಎಷ್ಟು ಸಾಕು? ಬಡ್ಡಿ 8% ಅಂತ ಇಟ್ಟುಕೊಂಡು ಯಾರಾದರೂ ಹೇಳ್ತೀರಾ?

ಮುಳಬಾಗಿಲು ದೋಸೆ

ಗುರು, ಸಿಂಪಲ್. ತಿಂಗಳಿಗೆ 5,000 ಎಸ್ಐಪಿ ಹಾಕು, ಪ್ರತಿ ವರ್ಷ 6% ಜಾಸ್ತಿ ಮಾಡ್ತಾ ಹೋಗು. 60ಕ್ಕೆ ದೊಡ್ಡ ಗಂಟೇ ಆಗುತ್ತೆ. ಇನ್ಶೂರೆನ್ಸ್ ಗೋಜೇ ಬೇಡ.

ವಸಂತನರಸಾಪುರ ಬಿ ಶಿಫ್ಟ್

ಅಣ್ಣ, ನೀವು ಹೇಳಿದ್ದು ನಾನು 60ರವರೆಗೆ ಬದುಕಿದ್ದು ಕಟ್ಟಿದರೆ ಕೊನೆಗೆ ಎಷ್ಟಾಗುತ್ತೆ ಅನ್ನೋ ಲೆಕ್ಕ. ನಾನು ಕೇಳಿದ್ದು ಉಲ್ಟಾ. ಮುಂದೆ ಬರಬೇಕಾದ ಸಂಬಳದ ಸಾಲಿಗೆ ಇವತ್ತು ಎಷ್ಟು ಬೆಲೆ ಅಂತ.

ಸಿರಾಗೇಟ್ ಹುಡುಗ

ಇದಕ್ಕೆ ಶಾರ್ಟ್‌ಕಟ್ ಇದೆ. ಬಡ್ಡಿ 8, ಸಂಬಳ ಏರೋದು 6. ಕಳೆದರೆ 2. ಸಂಬಳ ಏರೋದೇ ಇಲ್ಲ, ಬಡ್ಡಿ 2% ಅಂದುಕೊಂಡು ಎಕ್ಸೆಲ್‌ನಲ್ಲಿ ಹಾಕಿ.

```
=PV(2%,30,-480000)
```

1.075 ಕೋಟಿ ಬರುತ್ತೆ. ಏಜೆಂಟ್ ಹೇಳಿದ್ದರಲ್ಲಿ ಮೂರನೇ ಒಂದು ಭಾಗಕ್ಕಿಂತ ಕಮ್ಮಿ. ಮುಗೀತು.

ಬ್ಯಾಂಕ್ ರಿಟೈರ್ಡ್, ಕೋಲಾರ

ಸಿರಾಗೇಟ್ ಹುಡುಗ ಹೇಳಿದ ದಾರಿ ಸರಿ, ಮುಟ್ಟಿದ ಜಾಗ ಸ್ವಲ್ಪ ಆಚೆ. ಮೊದಲು ಕೈಯಲ್ಲೇ ಮಾಡಿ ನೋಡೋಣ, ಆಮೇಲೆ ಸೂತ್ರ.

ಮೊದಲ ವರ್ಷದ 4.8 ಲಕ್ಷ ವರ್ಷದ ಕೊನೆಗೆ ಬರುತ್ತದೆ ಅಂದುಕೊಳ್ಳಿ. ಇವತ್ತು 4.444 ಲಕ್ಷ ಇಟ್ಟರೆ 8% ಬಡ್ಡಿ ಸೇರಿ ಅಷ್ಟಾಗುತ್ತದೆ. ಹಾಗಾಗಿ ಅದರ ಇವತ್ತಿನ ಬೆಲೆ 4.444 ಲಕ್ಷ. ಎರಡನೇ ವರ್ಷ ಸಂಬಳ 1.06ರಷ್ಟು ಏರುತ್ತದೆ. ಆದರೆ ಇನ್ನೂ ಒಂದು ವರ್ಷ ಕಾಯಬೇಕಾದ್ದರಿಂದ 1.08ರಿಂದ ಭಾಗಿಸಬೇಕು. ಬೆಲೆ 4.362 ಲಕ್ಷ. ಮೂರನೆಯದು 4.281. ಹೀಗೆ ಪ್ರತಿ ವರ್ಷದ ಬೆಲೆ ಹಿಂದಿನದರ 0.9815 ಪಾಲು. ಹೈಸ್ಕೂಲಿನಲ್ಲಿ ಕಲಿತ ಗುಣೋತ್ತರ ಶ್ರೇಢಿ ನೆನಪಿದೆಯಲ್ಲ, ಅದೇ ಇದು. ಆ 30 ಅಂಕಿಗಳನ್ನು ಕೂಡಿಸಿದರೆ ಉತ್ತರ. ಒಂದೇ ಸಾಲಿನಲ್ಲಿ ಬರೆದರೆ ಹೀಗೆ:

```
=480000/(0.08-0.06)*(1-(1.06/1.08)^30)
```

ಬರುವುದು 1.03 ಕೋಟಿ. ಕೊನೆಯ ವರ್ಷವನ್ನು ಮಾತ್ರ ಒಮ್ಮೆ ನೋಡಿ, ನನಗೆ ಇದೇ ಮಜಾ ಅನ್ನಿಸುವುದು. 30ನೇ ವರ್ಷ ನಿಮ್ಮ ಸಂಬಳ 26 ಲಕ್ಷ ಆಗಿರುತ್ತದೆ. ಅದರ ಇವತ್ತಿನ ಬೆಲೆ 2.58 ಲಕ್ಷ ಮಾತ್ರ.

ಸಿರಾಗೇಟ್ ಹುಡುಗ

ಸಾರ್, ಹಾಗಾದ್ರೆ ನನ್ನ 2% ಯಾಕೆ ತಪ್ಪು? ವ್ಯತ್ಯಾಸ 4.5 ಲಕ್ಷ ತಾನೇ.

ಬ್ಯಾಂಕ್ ರಿಟೈರ್ಡ್, ಕೋಲಾರ

ಅದರಲ್ಲಿ ಎರಡು ತಪ್ಪು ಸೇರಿಕೊಂಡಿವೆ, ಒಂದನ್ನೊಂದು ಸ್ವಲ್ಪ ಮುಚ್ಚಿಬಿಟ್ಟಿವೆ. ಬಡ್ಡಿಯೂ ಏರಿಕೆಯೂ ಗುಣಿಸುತ್ತಾ ಹೋಗುವ ಅಂಕಿಗಳು. ಅವನ್ನು ಕಳೆಯಬಾರದು, ಭಾಗಿಸಬೇಕು. 1.08ನ್ನು 1.06ರಿಂದ ಭಾಗಿಸಿ, 1 ಕಳೆದರೆ ಬರುವುದು 1.887%. 2% ಅಲ್ಲ. ಆ ದರ ಹಾಕಿದರೆ ಉತ್ತರ 1.09 ಕೋಟಿಗೆ ಏರುತ್ತದೆ.

ಇನ್ನೊಂದು, ಈ ದಾರಿಯಲ್ಲಿ ಹೋದರೆ ಕೊನೆಗೆ 1.06ರಿಂದ ಒಮ್ಮೆ ಭಾಗಿಸಬೇಕು. ಆಗ 1.03 ಕೋಟಿಗೆ ಬಂದು ನಿಲ್ಲುತ್ತದೆ. ಯಾಕೆ ಭಾಗಿಸಬೇಕು ಅಂದರೆ, ಮೊದಲ ಕಂತು 4.8 ಲಕ್ಷವೇ, ಅದಕ್ಕೆ ಇನ್ನೂ ಇನ್ಕ್ರಿಮೆಂಟ್ ಸೇರಿಲ್ಲ.

ಇಲ್ಲೇ ಬಹಳ ಜನ ಎಡವುತ್ತಾರೆ. ಬಿ ಶಿಫ್ಟ್ ಅವರೇ, 4.8 ಲಕ್ಷ ಹೋದ ವರ್ಷದ್ದೋ, ಈಗ ಶುರುವಾಗಿರುವ ವರ್ಷದ್ದೋ? ಹೋದ ವರ್ಷದ್ದಾದರೆ ಮುಂದಿನ ಕಂತು 5.088 ಲಕ್ಷ, ಆಗ 1.09 ಕೋಟಿಯೇ ಸರಿ ಉತ್ತರ. ಬರೀ ಈ ಒಂದು ಪ್ರಶ್ನೆಗೆ 6 ಲಕ್ಷದ ವ್ಯತ್ಯಾಸ.

ವಸಂತನರಸಾಪುರ ಬಿ ಶಿಫ್ಟ್

ಹೈಕ್ ಈ ಏಪ್ರಿಲ್‌ನಲ್ಲೇ ಆಯಿತು ಸಾರ್. 4.8 ಈ ವರ್ಷದ್ದೇ. ಹಾಗಾದರೆ 1.03.

ಆದರೆ ಸಂಬಳ ವರ್ಷದ ಕೊನೆಗೆ ಬರಲ್ಲವಲ್ಲ, ಪ್ರತಿ ತಿಂಗಳು ಬರುತ್ತೆ?

ಬ್ಯಾಂಕ್ ರಿಟೈರ್ಡ್, ಕೋಲಾರ

ಒಳ್ಳೆ ಪ್ರಶ್ನೆ. ತಿಂಗಳ ಸಂಬಳ ಸರಾಸರಿ ಐದೂವರೆ ತಿಂಗಳು ಮೊದಲೇ ಕೈಗೆ ಬರುತ್ತದೆ. 8%ಗೆ ಅದರ ಬೆಲೆ 3.6% ಜಾಸ್ತಿ. 1.03 ಹೋಗಿ 1.067 ಕೋಟಿ ಆಗುತ್ತದೆ. ನಮ್ಮ ಸಿರಾಗೇಟ್ ಹುಡುಗನ 1.075ಕ್ಕೆ ಹತ್ತಿರ ಬಂತು ನೋಡಿ! ಆದರೆ ಅದು ಅದೃಷ್ಟ, ಲೆಕ್ಕ ಅಲ್ಲ.

ಸಿರಾಗೇಟ್ ಹುಡುಗ

ಅದೃಷ್ಟ ಆದ್ರೂ ನನ್ನದೇ ಅಲ್ವಾ ಸಾರ್ 😄

ಪಾವಗಡದ ಮನೆಯವಳು

ನಂದೊಂದು ಪ್ರಶ್ನೆ, ಸಂಬಳದ್ದಲ್ಲ. ನಮ್ಮ ಜಮೀನು ಸೋಲಾರ್‌ಗೆ ಗುತ್ತಿಗೆ ಹೋಗಿದೆ. ನಮ್ಮ ಅಗ್ರಿಮೆಂಟ್‌ನಲ್ಲಿ ಇದ್ದದ್ದು ಎಕರೆಗೆ ವರ್ಷಕ್ಕೆ 21,000, ಎರಡು ವರ್ಷಕ್ಕೊಮ್ಮೆ 5% ಏರಿಕೆ, ಒಟ್ಟು 28 ವರ್ಷ. ನಮ್ಮ ಯಜಮಾನರ ತಮ್ಮ "ಆವತ್ತೇ ಮಾರಿದ್ದರೆ ಒಳ್ಳೇದಿತ್ತು" ಅಂತ ಈಗಲೂ ಗೊಣಗುತ್ತಾರೆ. ಶುರುವಿನಲ್ಲಿ ಆ ಗುತ್ತಿಗೆಯ ಬೆಲೆ ಎಷ್ಟಿತ್ತು ಅಂತ ಇದೇ ಸೂತ್ರದಲ್ಲಿ ಬರುತ್ತಾ? ಪ್ರತಿ ವರ್ಷ ಏರಲ್ಲವಲ್ಲ.

ಬ್ಯಾಂಕ್ ರಿಟೈರ್ಡ್, ಕೋಲಾರ

ಬರುತ್ತೆ ತಾಯಿ. ಒಂದು ವರ್ಷದ ಬದಲು ಎರಡು ವರ್ಷವನ್ನು ಒಂದು ಕಂತು ಅಂತ ಹಿಡಿಯಬೇಕು, ಅಷ್ಟೇ.

ಮೊದಲ ವರ್ಷದ 21,000 ಎರಡನೇ ವರ್ಷದ ಕೊನೆಗೆ ಬಡ್ಡಿ ಸೇರಿ 22,680. ಎರಡನೇ ವರ್ಷದ 21,000 ಹಾಗೇ ಸೇರಿಸಿ. ಒಟ್ಟು 43,680. ಇದು ಒಂದು ಕಂತು. ಮುಂದಿನ ಕಂತು ಇದಕ್ಕಿಂತ 5% ಜಾಸ್ತಿ. ಅಂಥ ಕಂತು 14. ಎರಡು ವರ್ಷದ ಬಡ್ಡಿ 16 ಅಲ್ಲ, 16.64%, ಬಡ್ಡಿಗೆ ಬಡ್ಡಿ ಸೇರಿ. ಈ ಅಂಕಿಗಳನ್ನೇ ಸೂತ್ರಕ್ಕೆ ಹಾಕಿದರೆ ಎಕರೆಗೆ ಸುಮಾರು 2.89 ಲಕ್ಷ.

ಏರಿಕೆ ಇಲ್ಲದೇ ಇದ್ದಿದ್ದರೆ 2.32 ಲಕ್ಷ ಮಾತ್ರ. ಹಾಗಾಗಿ ಆ 5%ನ ಬೆಲೆ ಎಕರೆಗೆ 57 ಸಾವಿರ. ದುಡ್ಡು ವರ್ಷದ ಶುರುವಿನಲ್ಲೇ ಕೊಡ್ತಿದ್ದರೆ ಒಟ್ಟನ್ನು 1.08ರಿಂದ ಗುಣಿಸಿ, 3.12 ಲಕ್ಷ.

ಮೈದುನರಿಗೆ ಉತ್ತರ ಕೊಡುವಾಗ ಒಂದು ಮರೀಬೇಡಿ. 28 ವರ್ಷ ಆದಮೇಲೆ ಜಮೀನು ನಿಮ್ಮದೇ. ಮಾರಿದ್ದರೆ ಅದೂ ಹೋಗಿರುತ್ತಿತ್ತು. ಈ 2.89 ಬಾಡಿಗೆಯ ಬೆಲೆ ಮಾತ್ರ, ಜಮೀನಿನದ್ದಲ್ಲ.

ಪಾವಗಡದ ಮನೆಯವಳು

ಇದನ್ನ ಅವರಿಗೆ ತೋರಿಸ್ತೀನಿ. ಸುಮ್ನೆ ಇರಲ್ಲ ಬಿಡಿ, ಆದ್ರೂ ತೋರಿಸ್ತೀನಿ.

ವಸಂತನರಸಾಪುರ ಬಿ ಶಿಫ್ಟ್

ಸಾರ್, ಒಂದು ಅನುಮಾನ. 1.03 ಕೋಟಿಯಲ್ಲಿ 30 ವರ್ಷ ನಡೆಯುತ್ತೆ ಅಂತ ಹೆಂಡತಿಗೆ ಹೇಳಿದೆ. ನಂಬಲಿಲ್ಲ. "ಕೊನೆ ವರ್ಷಕ್ಕೇ 26 ಲಕ್ಷ ಬೇಕು ಅಂತೀರಿ, ಒಂದು ಕೋಟಿ ಎಲ್ಲಿ ಸಾಲುತ್ತೆ" ಅಂದಳು. ಹೇಗೆ ತೋರಿಸೋದು?

ಬ್ಯಾಂಕ್ ರಿಟೈರ್ಡ್, ಕೋಲಾರ

ಪಾಸ್‌ಬುಕ್ ಬರೆದ ಹಾಗೆ ಬರೆದು ತೋರಿಸಿ. ಶುರುವಿಗೆ 103.01 ಲಕ್ಷ. ಮೊದಲ ವರ್ಷದ ಬಡ್ಡಿ 8.24. ಮನೆ ಖರ್ಚಿಗೆ 4.80 ತೆಗೆದರೆ ಉಳಿದದ್ದು 106.46. ಎರಡನೇ ವರ್ಷ ಬಡ್ಡಿ 8.52, ತೆಗೆದದ್ದು 5.09, ಉಳಿದದ್ದು 109.88. ನೋಡಿ, ತೆಗೆಯುತ್ತಾ ಇದ್ದರೂ ದುಡ್ಡು ಏರುತ್ತಿದೆ. ಹೀಗೇ 15ನೇ ವರ್ಷದವರೆಗೆ ಏರಿ 1.41 ಕೋಟಿ ಮುಟ್ಟುತ್ತದೆ. ಅಲ್ಲಿಂದ ಆಚೆ ತೆಗೆಯುವುದು ಬಡ್ಡಿಗಿಂತ ಜಾಸ್ತಿಯಾಗಿ ಇಳಿಯಲು ಶುರು. 29ನೇ ವರ್ಷದ ಕೊನೆಗೆ 24.08 ಲಕ್ಷ ಉಳಿದಿರುತ್ತದೆ. ಅದಕ್ಕೆ ಬಡ್ಡಿ ಸೇರಿ ಸರಿಯಾಗಿ 26 ಲಕ್ಷ. ತೆಗೆದರೆ ಸೊನ್ನೆ.

ಇದರಲ್ಲಿ ಒಂದು ಅಪಾಯ ಇದೆ, ನಾನು ಬ್ರಾಂಚಿನಲ್ಲಿ ಕಣ್ಣಾರೆ ನೋಡಿದ್ದೇನೆ. ಹತ್ತು ವರ್ಷ ಆದಮೇಲೆ ಖಾತೆಯಲ್ಲಿ ಇಟ್ಟಿದ್ದಕ್ಕಿಂತ ಜಾಸ್ತಿ ಕಾಣುತ್ತದೆ. "ಅಸಲು ಹಾಗೇ ಇದೆ, ಮೇಲಿಂದು ಲಾಭ" ಅಂತ ಮಗಳ ಮದುವೆಗೋ ಸೈಟಿಗೋ ಎತ್ತುತ್ತಾರೆ. ಅದು ಲಾಭ ಅಲ್ಲ. ಕೊನೆಯ 15 ವರ್ಷದ ಸಂಬಳ ಅಲ್ಲಿ ಕೂತಿರುತ್ತದೆ. 20ನೇ ವರ್ಷ ದಾಟಿದ ಮೇಲೆ ಕೊರತೆ ಕಾಣುತ್ತದೆ, ಆಗ ಸರಿ ಮಾಡಲು ಆಗದು.

ಗೌರಿಬಿದನೂರು ಟೀಚರ್

ನಮಸ್ತೆ. ಲೆಕ್ಕ ಚೆನ್ನಾಗಿದೆ. ಆದರೆ 30 ವರ್ಷ ಪ್ರತಿ ವರ್ಷ 6% ಅನ್ನೋದು ಯಾರ ಸಂಬಳ? ನಮ್ಮದು ಸರ್ಕಾರಿ. ವಾರ್ಷಿಕ ಬಡ್ತಿ ಒಂದಷ್ಟು, ಡಿಎ ಒಂದಷ್ಟು, ಆಮೇಲೆ ವರ್ಷಗಟ್ಟಲೆ ಕಾದ ಮೇಲೆ ವೇತನ ಆಯೋಗ. ಏಳನೇ ಆಯೋಗದ್ದು 2024ರ ಆಗಸ್ಟ್‌ನಲ್ಲಿ ಜಾರಿಯಾಯಿತು, ಒಂದೇ ಸಲ ಜಿಗಿತ. ನಮ್ಮ ಯಜಮಾನರದು ಪ್ರೈವೇಟ್. ಮೊದಲ ಹತ್ತು ವರ್ಷ ಕಂಪನಿ ಬದಲಿಸಿ ಬದಲಿಸಿ ಚೆನ್ನಾಗಿ ಏರಿತು. 45 ಆದಮೇಲೆ ನಿಂತ ನೀರು. ಒಂದೇ ಸೂತ್ರಕ್ಕೆ ಇದೆಲ್ಲ ಹೇಗೆ ಬರುತ್ತೆ?

ಬ್ಯಾಂಕ್ ರಿಟೈರ್ಡ್, ಕೋಲಾರ

ಒಂದೇ ಸೂತ್ರಕ್ಕೆ ಬರಲ್ಲ ಮೇಡಂ, ನಿಜ. ತುಂಡು ಮಾಡಬೇಕು. ಬಿ ಶಿಫ್ಟ್ ಅವರ ಸಂಬಳವೇ ಮೊದಲ 10 ವರ್ಷ 10%, ಆಮೇಲಿನ 20 ವರ್ಷ 4% ಏರುತ್ತದೆ ಅನ್ನೋಣ.

ಮೊದಲ ತುಂಡು: ಏರಿಕೆ 10, ಬಡ್ಡಿ 8. ಏರಿಕೆಯೇ ಜಾಸ್ತಿ. ಸೂತ್ರದಲ್ಲಿ ಕೆಳಗೆ ಮೈನಸ್ 0.02, ಮೇಲೆಯೂ ಮೈನಸ್. ಎರಡೂ ಹೊಡೆದುಹೋಗಿ 48.3 ಲಕ್ಷ ಬರುತ್ತದೆ. ಏರಿಕೆ ಬಡ್ಡಿಗಿಂತ ಜಾಸ್ತಿ ಇದ್ದರೆ ಸೂತ್ರ ಕೆಲಸ ಮಾಡಲ್ಲ ಅಂತ ಕೆಲವರು ಹೇಳುತ್ತಾರೆ. ಅದು ಕೊನೆಯೇ ಇಲ್ಲದ ಸಾಲಿಗೆ ಮಾತ್ರ ನಿಜ. ಸಂಬಳಕ್ಕೆ ಕೊನೆ ಇದೆ.

ಎರಡನೇ ತುಂಡು: 11ನೇ ವರ್ಷದ ಸಂಬಳ 11.77 ಲಕ್ಷ. ಅಲ್ಲಿಂದ 20 ವರ್ಷಕ್ಕೆ ಸೂತ್ರ ಹಾಕಿದರೆ 1.56 ಕೋಟಿ. ಆದರೆ ಇದು 10ನೇ ವರ್ಷದ ಕೊನೆಯಲ್ಲಿ ನಿಂತು ನೋಡಿದ ಬೆಲೆ. ಇವತ್ತಿಗೆ ತರಲು 1.08ರ ಹತ್ತನೇ ಘಾತದಿಂದ ಭಾಗಿಸಬೇಕು. 72.2 ಲಕ್ಷ. ಈ ಭಾಗಾಕಾರ ಮರೆತವರೇ ಜಾಸ್ತಿ. ಉತ್ತರ ವಿಪರೀತ ದೊಡ್ಡದಾಗಿ ಕಂಡರೆ ಮೊದಲು ಇಲ್ಲೇ ನೋಡಿ.

ಒಟ್ಟು 1.21 ಕೋಟಿ. ಬರೀ 4% ಅಂತ 30 ವರ್ಷ ಹಿಡಿದಿದ್ದರೆ 81 ಲಕ್ಷ. ಮೊದಲ ಹತ್ತು ವರ್ಷದ ಹೈಕ್ ಅಷ್ಟು ಮುಖ್ಯ, ಯಾಕೆಂದರೆ ಅದರ ಮೇಲೇ ಉಳಿದ 20 ವರ್ಷ ನಿಂತಿರುತ್ತದೆ.

ಗೌರಿಬಿದನೂರು ಟೀಚರ್

ಅರ್ಥವಾಯಿತು. ಇನ್ನೊಂದು. ಫ್ಯಾಕ್ಟರಿ 30 ವರ್ಷ ಇರುತ್ತೆ ಅಂತ ಗ್ಯಾರಂಟಿ ಏನು? 50ಕ್ಕೇ ಕಳಿಸಿಬಿಟ್ಟರೆ?

ಬ್ಯಾಂಕ್ ರಿಟೈರ್ಡ್, ಕೋಲಾರ

6% ಏರಿಕೆಯಲ್ಲಿ 20 ವರ್ಷಕ್ಕೇ ನಿಂತರೆ 75 ಲಕ್ಷ. ಅಂದರೆ ಕೊನೆಯ ಹತ್ತು ವರ್ಷದ ಸಂಬಳ ಕಾಗದದ ಮೇಲೆ 2.03 ಕೋಟಿ, ಇವತ್ತಿನ ಬೆಲೆ 28 ಲಕ್ಷ. ಏಜೆಂಟ್ ಹೇಳಿದ 3.79 ಕೋಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬಂದಿರುವುದು ಆ ಹತ್ತು ವರ್ಷದಿಂದಲೇ.

ಚಿಂತಾಮಣಿ ವಕೀಲ

ಕೋರ್ಟಿನಲ್ಲಿ ಇದನ್ನು ಬೇರೆ ರೀತಿ ಮಾಡುತ್ತೇವೆ. ಅಪಘಾತ ಪರಿಹಾರದ ಕೇಸುಗಳಲ್ಲಿ ಘಾತ, ಸೂತ್ರ ಏನೂ ಇಲ್ಲ. ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ತೀರ್ಪಿನಲ್ಲಿ ವಯಸ್ಸಿಗೆ ತಕ್ಕ ಗುಣಕದ ಪಟ್ಟಿ ಕೊಟ್ಟಿದೆ. 26ರಿಂದ 30 ವರ್ಷದವರಿಗೆ 17. 2017ರ ಪ್ರಣಯ್ ಸೇಥಿ ತೀರ್ಪಿನ ಪ್ರಕಾರ 40ರ ಒಳಗಿನ ಪರ್ಮನೆಂಟ್ ನೌಕರರ ಆದಾಯಕ್ಕೆ ಮುಂದಿನ ಏರಿಕೆ ಅಂತ 50% ಸೇರಿಸುತ್ತಾರೆ.

ಇವರದ್ದೇ ಹಾಕಿ ನೋಡಿ. 4.8ಕ್ಕೆ ಅರ್ಧ ಸೇರಿಸಿದರೆ 7.2 ಲಕ್ಷ. ಮದುವೆಯಾದವರು, ಅವಲಂಬಿತರು ಮೂರು ಜನ, ಹಾಗಾಗಿ ಸ್ವಂತ ಖರ್ಚಿಗೆ ಮೂರನೇ ಒಂದು ಭಾಗ ಕಳೆಯುತ್ತಾರೆ. ಮತ್ತೆ 4.8. ಅದಕ್ಕೆ 17 ಪಟ್ಟು, 81.6 ಲಕ್ಷ. ಬೇರೆ ಬಾಬ್ತುಗಳು ಮೇಲೆ. 30 ವರ್ಷ ದುಡಿಮೆ ಬಾಕಿ ಇದ್ದರೂ ಗುಣಕ 30 ಅಲ್ಲ ಅನ್ನೋದನ್ನ ಗಮನಿಸಿ. ಮುಂದಿನ ದುಡ್ಡು ಇವತ್ತೇ ಸಿಗುತ್ತೆ ಅನ್ನೋದು ಅಲ್ಲಿಯೂ ಲೆಕ್ಕಕ್ಕೆ ಬಂದಿದೆ.

ಸಿರಾಗೇಟ್ ಹುಡುಗ

ಅರೆ, ಸ್ವಂತ ಖರ್ಚು ಕಳೆಯೋದನ್ನ ನಾವ್ಯಾರೂ ಮಾಡೇ ಇಲ್ಲ! ಅಣ್ಣ ಇಲ್ಲದಿದ್ದರೆ ಅಣ್ಣನ ಊಟ, ಬೈಕಿನ ಪೆಟ್ರೋಲ್ ಖರ್ಚೂ ಇರಲ್ಲವಲ್ಲ. 1.03ರಲ್ಲಿ ಮೂರನೇ ಒಂದು ಭಾಗ ತೆಗೆದರೆ 68.7 ಲಕ್ಷ.

ಬ್ಯಾಂಕ್ ರಿಟೈರ್ಡ್, ಕೋಲಾರ

ಭೇಷ್. ಈಗ ಸರಿಯಾಗಿ ಹಿಡಿದೆ.

ವಸಂತನರಸಾಪುರ ಬಿ ಶಿಫ್ಟ್

ನಾನು ಬದುಕಿರುವಾಗಲೇ ನನ್ನ ಊಟ ಕಳೀತಾ ಇದ್ದೀರಲ್ಲಪ್ಪ.

ಸಾರ್, 8% ಅನ್ನೋದನ್ನ ನಾನು ಸುಮ್ನೆ ಹೇಳಿದ್ದೆ. ನನ್ನ ಹೆಂಡತಿ ಎಫ್‌ಡಿ ಬಿಟ್ಟು ಬೇರೆಲ್ಲೂ ಇಡಲ್ಲ. ಟ್ಯಾಕ್ಸ್ ಕಳೆದು ಕೈಗೆ 6% ಅಂತ ಹಾಕಿ ನೋಡಿದೆ. ಎಕ್ಸೆಲ್‌ನಲ್ಲಿ `#DIV/0!` ಅಂತ ಬಂತು. ಫೈಲ್ ಕೆಟ್ಟುಹೋಯ್ತಾ?

ಬ್ಯಾಂಕ್ ರಿಟೈರ್ಡ್, ಕೋಲಾರ

ಫೈಲ್ ಸರಿ ಇದೆ. ಬಡ್ಡಿ 6, ಏರಿಕೆ 6. ಕಳೆದರೆ ಸೊನ್ನೆ. ಸೊನ್ನೆಯಿಂದ ಭಾಗಿಸು ಅಂದರೆ ಅದಾದರೂ ಏನು ಮಾಡೀತು? ಇಲ್ಲಿ ಸೂತ್ರವೇ ಬೇಡ. ಏರಿದ್ದಷ್ಟನ್ನೂ ಬಡ್ಡಿ ತಿಂದುಹಾಕುತ್ತದೆ. ಹಾಗಾಗಿ ಪ್ರತಿ ವರ್ಷದ ಸಂಬಳದ ಇವತ್ತಿನ ಬೆಲೆ ಒಂದೇ, 4.528 ಲಕ್ಷ. 30 ಪಟ್ಟು ಮಾಡಿದರೆ 1.36 ಕೋಟಿ. 7% ಆದರೆ 1.18 ಕೋಟಿ, 10% ಆದರೆ 80.5 ಲಕ್ಷ.

ಯಾವ ದರ ಹಾಕಬೇಕು ಅನ್ನೋದೇ ಇದರಲ್ಲಿ ನಿಜವಾದ ಜಗಳ. ನನ್ನ ಅಭಿಪ್ರಾಯ ಕೇಳಿದರೆ, ಆ ದುಡ್ಡನ್ನು ನಾಳೆ ನೋಡಿಕೊಳ್ಳುವವರು ನಿಜವಾಗಿ ಎಲ್ಲಿ ಇಡುತ್ತಾರೋ ಅಲ್ಲಿನ ದರ. ನಿಮ್ಮ ಮನೆಯವರಿಗೆ 6 ಅಥವಾ 6.5.

ಸಿರಾಗೇಟ್ ಹುಡುಗ

ಒಪ್ಪಲ್ಲ ಸಾರ್. 30 ವರ್ಷಕ್ಕೆ ಯಾರಾದ್ರೂ ಪೂರ್ತಿ ಎಫ್‌ಡಿಯಲ್ಲಿ ಇಡ್ತಾರಾ? ಅರ್ಧ ಮ್ಯೂಚುಯಲ್ ಫಂಡ್‌ಗೆ ಹಾಕಿದರೆ 9 ಆರಾಮಾಗಿ ಬರುತ್ತೆ.

ಗೌರಿಬಿದನೂರು ಟೀಚರ್

"ಆರಾಮಾಗಿ" ಅನ್ನೋದು ನಿಮಗೆ. ಗಂಡ ಹೋದ ಮನೆಯಲ್ಲಿ ಮಾರ್ಕೆಟ್ ಬಿದ್ದ ವರ್ಷವೂ ಮಗುವಿನ ಫೀಸ್ ಕಟ್ಟಬೇಕು. ಬಿದ್ದಾಗಲೇ ಮಾರಬೇಕಾಗುತ್ತೆ. ನಾನಾದರೆ 6ನ್ನೇ ಹಾಕುವುದು.

ಚಿಂತಾಮಣಿ ವಕೀಲ

ಪರಿಹಾರ ಬಂದ ಕುಟುಂಬಗಳನ್ನು ನೋಡಿದ್ದೇನೆ. ಎಫ್‌ಡಿಯಲ್ಲಿ ಇಟ್ಟವರು ಉಳಿಸಿಕೊಂಡರು, ನೆಂಟರ ಮಾತು ಕೇಳಿ ಬೇರೆ ಕಡೆ ಹಾಕಿದವರಲ್ಲಿ ಕೆಲವರು ಕಳೆದುಕೊಂಡರು. ಆದರೂ 30 ವರ್ಷಕ್ಕೆ 6 ತೀರಾ ಕಮ್ಮಿ ಅನ್ನಿಸುತ್ತೆ. ನಾನು 7.

ವಸಂತನರಸಾಪುರ ಬಿ ಶಿಫ್ಟ್

ಸರಿ, ನನ್ನ ಕಾಗದದಲ್ಲಿ ಈಗ ಎರಡು ಅಂಕಿ ಇದೆ. 6% ಹಾಕಿ, ನನ್ನ ಖರ್ಚು ಮೂರನೇ ಒಂದು ಭಾಗ ಕಳೆದರೆ 90.6 ಲಕ್ಷ. 7% ಆದರೆ 78.6. ಏಜೆಂಟ್ ಈ ಭಾನುವಾರ ಮತ್ತೆ ಬರ್ತಾರೆ. ಕೊನೆಯ ಹತ್ತು ವರ್ಷದ 2.03 ಕೋಟಿ, 8% ಲೆಕ್ಕದಲ್ಲಿ 28 ಲಕ್ಷ ಆಗೋದನ್ನ ಮೊದಲು ಅವರ ಹತ್ತಿರವೇ ಲೆಕ್ಕ ಹಾಕಿಸ್ತೀನಿ.

ಹೆಂಡತಿ ಮಾತ್ರ ಪಾಸ್‌ಬುಕ್ ಲೆಕ್ಕ 30 ಸಾಲೂ ಪೂರ್ತಿ ಬರೆದು ತೋರಿಸಿ ಅಂತ ಕೂತಿದ್ದಾಳೆ. ಈಗ 11ನೇ ಸಾಲಿನಲ್ಲಿದ್ದೀನಿ.

ಪಾವಗಡದ ಮನೆಯವಳು

ತೋರಿಸಿದೆ. ಮೈದುನ ಅಂದಿದ್ದು: "8% ಯಾರು ಹೇಳಿದ್ದು?"